ಬೆನ್ನು ಕೆಳಗಾಗಿ ಅಡ್ಡ ಮಲಗಿದ ಮಗು: ಉದ್ದ ಕೊಯ್ತ ತಪ್ಪಿಸಿದ ಬಗೆ

ಮೂವತ್ಮೂರು ವಾರ, ನೋವು ಶುರುವಾಗಿದೆ, ಮಗು ಅಡ್ಡ, ಬೆನ್ನು ಕೆಳಗೆ. ಸಿಸೇರಿಯನ್ ಬೇಕೇ ಎಂಬ ಚರ್ಚೆ ಇಲ್ಲಿಲ್ಲ. ಗರ್ಭಕೋಶವನ್ನು ಎಲ್ಲಿ, ಹೇಗೆ ಕೊಯ್ಯಬೇಕು ಎಂಬುದೇ ಪ್ರಶ್ನೆ. ಗರ್ಭಕೋಶದ ಕೆಳಭಾಗ, ಅಂದರೆ ಲೋವರ್ ಸೆಗ್ಮೆಂಟ್, ಇನ್ನೂ ಅಗಲವಾಗಿರುವುದಿಲ್ಲ. ಅಡ್ಡ ಕೊಯ್ದರೆ ಎದುರಿಗೆ ಸಿಗುವುದು ಬೆನ್ನು, ಹಿಡಿಯಲು ಕೈಯಿಲ್ಲ, ಕಾಲಿಲ್ಲ. ಅದಕ್ಕೇ "ಸುಮ್ಮನೆ ಕ್ಲಾಸಿಕಲ್ ಹಾಕಿ", ಅಂದರೆ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ಯಿರಿ, ಅನ್ನುವವರೇ ಹೆಚ್ಚು. ಗರ್ಭಕೋಶ ಕೊಯ್ಯುವ ಮೊದಲೇ ಮಗುವನ್ನು ತಿರುಗಿಸುತ್ತೇನೆ ಅಂದಾಗ ನಕ್ಕವರೂ ಇದ್ದರು. ಈಗ ಅವರೂ ಕೇಳುತ್ತಾರೆ.

ನೀರಿನ ಚೀಲ ಒಡೆದಿರಬಾರದು, ಇದೇ ಮುಖ್ಯ. ಹೊಟ್ಟೆ ತೆರೆದ ಮೇಲೆ ಎರಡೂ ಬದಿಯ ರೌಂಡ್ ಲಿಗಮೆಂಟ್ ಮುಟ್ಟಿ ನೋಡಿ, ಗರ್ಭಕೋಶ ಬಲಕ್ಕೆ ತಿರುಚಿಕೊಂಡಿದ್ದರೆ ನೇರ ಮಾಡಿ. ಮರೆತರೆ ಕೊಯ್ತ ಎಡಕ್ಕೆ ಸರಿದು ರಕ್ತನಾಳ ಹರಿಯುತ್ತದೆ. ಒಂದು ಕೈ ತಲೆಯ ಮೇಲೆ, ಇನ್ನೊಂದು ಪೃಷ್ಠದ ಮೇಲೆ ಇಟ್ಟು, ಕೆಳಕ್ಕೆ ಹತ್ತಿರವಿರುವ ತುದಿಯನ್ನೇ ಮೆಲ್ಲಗೆ ತನ್ನಿ. ಗರ್ಭಕೋಶ ಬಿಗಿದರೆ ನಿಲ್ಲಿಸಿ. ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿಟ್ಟು, ಗರ್ಭಕೋಶ ಸಡಿಲಾಗಲು ನೈಟ್ರೋಗ್ಲಿಸರಿನ್ ಸುಮಾರು 50ರಿಂದ 100 ಮೈಕ್ರೋಗ್ರಾಂ ರಕ್ತನಾಳಕ್ಕೆ ಕೊಡಿಸಬಹುದು, ಆದರೆ ಬಿಪಿ ಇಳಿಯುತ್ತದೆ. ಒಂದು ಯೂನಿಟ್ ರಕ್ತದ ಖರ್ಚಿನ ಮುಂದೆ ಆ ಆಂಪೂಲಿನ ಬೆಲೆ ಏನೂ ಅಲ್ಲ. ಟೇಬಲ್ಲನ್ನು ತಲೆ ಕೆಳಗಾಗುವಂತೆ ವಾಲಿಸಿಯೂ ನೋಡಿದ್ದೇನೆ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹೆಬ್ಬೆರಳನ್ನು ಎಲ್ಲಿ ಊರಬೇಕೆಂಬುದನ್ನು ಜೊತೆಗೆ ನಿಂತೇ ಕಲಿಯಬೇಕು, ಬರೆದು ತಿಳಿಸಲಾಗದು.

ಮಗು ನೇರವಾದ ಮೇಲೆ ಸಹಾಯಕರು ಎರಡೂ ಬದಿಯಿಂದ ಹಿಡಿದೇ ಇರಬೇಕು, ಬಿಟ್ಟರೆ ಮತ್ತೆ ಅಡ್ಡ ಹೋಗುತ್ತದೆ. ಆಗ ಕೆಳಗೆ ಅಡ್ಡ ಕೊಯ್ತ. ಚೀಲವನ್ನು ಆದಷ್ಟೂ ಉಳಿಸಿಕೊಂಡು, ಬೆರಳಿನಿಂದ ಮೇಲೆ-ಕೆಳಗೆ ಎಳೆದು ಅಗಲಿಸಿ. ಪಕ್ಕಕ್ಕೆ ಎಳೆದರೆ ಕೊಯ್ತ ಬದಿಗೆ ಹರಿದುಹೋಗುವುದು ಹೆಚ್ಚು.

ನೀರು ಹೋದ ಮೇಲೆ ಈ ಪ್ರಯತ್ನ ಬಹುಪಾಲು ಸೋಲುತ್ತದೆ, ಗರ್ಭಕೋಶ ಮಗುವನ್ನು ಅಪ್ಪಿಕೊಂಡುಬಿಡುತ್ತದೆ. ಅಂಥಲ್ಲಿ ಹಟ ಬೇಡ, ಮೊದಲೇ ಉದ್ದ ಕೊಯ್ಯಿರಿ. ಅಡ್ಡ ಕೊಯ್ದು, ಮಗು ಬಾರದೆ, ಅದನ್ನು ಟಿ ಆಕಾರಕ್ಕೆ ಬೆಳೆಸುವುದೇ ಎಲ್ಲಕ್ಕಿಂತ ಕೆಟ್ಟದ್ದು: ಮೂರು ಗೆರೆ ಸೇರುವ ಮೂಲೆ ಸರಿಯಾಗಿ ಕೂಡುವುದಿಲ್ಲ.

ಇಷ್ಟೆಲ್ಲ ಕಷ್ಟಪಡುವುದು ಮುಂದಿನ ಬಸಿರಿಗಾಗಿ. ಕೆಳಗಿನ ಅಡ್ಡ ಗಾಯ ಮುಂದಿನ ಹೆರಿಗೆ ನೋವಿನಲ್ಲಿ ಬಿರಿಯುವುದು ಇನ್ನೂರಕ್ಕೆ ಒಂದರ ಆಸುಪಾಸು. ಕ್ಲಾಸಿಕಲ್ ಅಥವಾ ಟಿ ಗಾಯವಾದರೆ ನೂರಕ್ಕೆ ನಾಲ್ಕರಿಂದ ಒಂಬತ್ತು, ಕೆಲವೊಮ್ಮೆ ನೋವು ಬರುವ ಮೊದಲೇ. ಅಂಥವರಿಗೆ ಮುಂದೆ ಸಹಜ ಹೆರಿಗೆಯ ಮಾತಿಲ್ಲ, 36-37 ವಾರಕ್ಕೇ ಸಿಸೇರಿಯನ್.

ಚೇತರಿಕೆ ಎರಡರಲ್ಲೂ ಹೊರನೋಟಕ್ಕೆ ಒಂದೇ: ಕೆಲವೇ ಗಂಟೆಗಳಲ್ಲಿ ಆಹಾರ, ಮೊದಲ ದಿನವೇ ನಡಿಗೆ, ಆರು ವಾರ ಮಗುವಿಗಿಂತ ಭಾರ ಎತ್ತದಿರುವುದು. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ದುರ್ವಾಸನೆಯ ಸ್ರಾವ, ಒಂದೇ ಮೀನಖಂಡದ ಊತ ಕಂಡರೆ ತಕ್ಷಣ ಬರಲು ಹೇಳಿ. ಚರ್ಮದ ಗಾಯ ನೋಡಿ ಒಳಗಿನದನ್ನು ಊಹಿಸಲಾಗದು. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಗರ್ಭಕೋಶದ ಕೊಯ್ತ ಯಾವುದೆಂದು ದೊಡ್ಡ ಅಕ್ಷರದಲ್ಲಿ ಬರೆದು, ತಾಯಿಗೂ ಬಾಯಲ್ಲಿ ಹೇಳಿ ಕಳಿಸಿ.