ಉತ್ತರವನ್ನು ತಡೆಹಿಡಿದ ಮೇಲೆ ನಡೆದ ಚರ್ಚೆ

ಕಾರವಾರದಲ್ಲಿ ನರ್ಸಿಂಗ್ ಓದುತ್ತಿರುವ ನಾವು ಆರು ಗೆಳತಿಯರು ಪ್ರತಿ ಶನಿವಾರ ನಡೆಸುತ್ತಿದ್ದ ಕೇಸ್ ಚರ್ಚೆಯಲ್ಲಿ, ಮಂಡಿಸುವವಳು ರೋಗನಿರ್ಣಯವನ್ನು ಮೊದಲೇ ಹೇಳಿಬಿಡುತ್ತಿದ್ದುದರಿಂದ ಉಳಿದವರು ತಲೆಯಾಡಿಸುತ್ತಿದ್ದರಷ್ಟೆ. ಈಗ ಕೇಸನ್ನು ಹಂತಹಂತವಾಗಿ ತೆರೆದಿಡುತ್ತೇವೆ; ಎಲ್ಲರೂ ಉತ್ತರ ಬರೆದ ಮೇಲೆಯೇ ಮಾತು.

ಕಳೆದ ವಾರ ನಾನು, ಅಡಿಕೆ ತೋಟದಲ್ಲಿ ಹಾವು ಕಚ್ಚಿದವನ 2 ಮಿ.ಲೀ. ರಕ್ತವನ್ನು ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ವಾಲಿಸಿದಾಗ ಅದು ಹೆಪ್ಪುಗಟ್ಟಿರಲಿಲ್ಲ ಎಂದು ಹೇಳಿ ನಿಲ್ಲಿಸಿದೆ. ನಾಲ್ವರು ಮಂಡಲದ ಹಾವಿನ ವಿಷವೆಂದು ಬರೆದರು. ಒಬ್ಬಳು ಮಾತ್ರ ನಳಿಕೆ ಎಂಥದ್ದೆಂದು ಕೇಳಿದಳು. ಆ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ಪ್ಲಾಸ್ಟಿಕ್ ನಳಿಕೆಯಲ್ಲಿ ಅಥವಾ ಸೋಪಿನಿಂದ ತೊಳೆದ ಗಾಜಿನಲ್ಲಿ ವಿಷವಿಲ್ಲದ ರಕ್ತವೂ ಹೆಪ್ಪುಗಟ್ಟದಿರಬಹುದಾದ್ದರಿಂದ, ಹೊಸದಾದ ಒಣ ಗಾಜಿನ ನಳಿಕೆಯಲ್ಲೇ ಪರೀಕ್ಷೆಯನ್ನು ಮಾಡಬೇಕು.

ತಪ್ಪಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟು, ಮುಂದಿನ ಶನಿವಾರದ ಕ್ವಿಜ್ ಅನ್ನು ಅವುಗಳಿಂದಲೇ ಆರಂಭಿಸುತ್ತೇವೆ.