ಓಪನ್ ಬಾಕ್ಸ್ ಲ್ಯಾಪ್‌ಟಾಪ್: ವಾರಂಟಿ ಶುರುವಾದದ್ದು ಎಂದು?

ಹೊಸನಗರದ ನನ್ನ ಅಕ್ಕನ ಮಗಳು ಶಿವಮೊಗ್ಗದಲ್ಲಿ ಬಿಸಿಎಗೆ ಸೇರಿದಾಗ ನಮ್ಮೆದುರು ಮೂರು ಲ್ಯಾಪ್‌ಟಾಪ್‌ಗಳಿದ್ದವು. ಸೀಲ್ ಒಡೆಯದ ಹೊಸದಕ್ಕೆ 48,000 ರೂಪಾಯಿ. ಯಾರೋ ಕೊಂಡು ಹಿಂದಿರುಗಿಸಿದ್ದ ಅದೇ ಮಾಡೆಲ್‌ನ ಓಪನ್ ಬಾಕ್ಸ್‌ಗೆ 41,000. ಆಫೀಸೊಂದರಲ್ಲಿ ಕೆಲವು ವರ್ಷ ದುಡಿದು, ರಿಪೇರಿಯಾಗಿ ಬಂದ ರಿಫರ್ಬಿಶ್ಡ್‌ಗೆ 24,000.

ಮೊದಲು ಮಾಡಬೇಕಾದದ್ದು, ದುಡ್ಡು ಕೊಡುವ ಮುನ್ನವೇ ಸೀರಿಯಲ್ ನಂಬರ್ ಕೇಳಿ ಪಡೆಯುವುದು. ಅದನ್ನು ತಯಾರಕ ಕಂಪನಿಯ ವೆಬ್‌ಸೈಟ್‌ನ ವಾರಂಟಿ ಪುಟದಲ್ಲಿ ಹಾಕಿದರೆ ಮುಗಿಯುವ ದಿನಾಂಕ ಕಾಣುತ್ತದೆ. ಓಪನ್ ಬಾಕ್ಸ್‌ಗೆ ‘ಒಂದು ವರ್ಷ ಕಂಪನಿ ವಾರಂಟಿ’ ಎಂದಿದ್ದರು ಅಂಗಡಿಯವರು. ನೋಡಿದರೆ ಉಳಿದದ್ದು ಏಳೇ ತಿಂಗಳು. ಮೊದಲ ಗಿರಾಕಿ ಕೊಂಡ ದಿನದಿಂದಲೇ ಲೆಕ್ಕ ಶುರುವಾಗಿತ್ತು. ಹೊಸದರಲ್ಲೂ ಕೆಲವೊಮ್ಮೆ ಕಂಪನಿಯಿಂದ ಹೊರಟ ದಿನದಿಂದ ಎಣಿಕೆ ಇರುತ್ತದೆ, ಆದರೆ ನಿಮ್ಮ ಹೆಸರಿನ ಬಿಲ್ ಕಳಿಸಿ ದಿನಾಂಕ ಸರಿಪಡಿಸಿಕೊಳ್ಳಲು ಕೇಳಬಹುದು.

ರಿಫರ್ಬಿಶ್ಡ್‌ನಲ್ಲಿ ಕಂಪನಿ ವಾರಂಟಿ ಹೆಚ್ಚಾಗಿ ಮುಗಿದೇ ಇರುತ್ತದೆ. ಉಳಿಯುವುದು ಮಾರಿದವರ ಮಾತು. ಎಷ್ಟು ತಿಂಗಳು, ಬ್ಯಾಟರಿ ಮತ್ತು ಚಾರ್ಜರ್ ಸೇರಿವೆಯೇ, ಕೆಟ್ಟರೆ ಬೆಂಗಳೂರಿಗೆ ಕೊರಿಯರ್ ಮಾಡುವ ಖರ್ಚು ಯಾರದು ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಇಂಟೆಲ್‌ನದಾದರೆ ಪ್ರೊಸೆಸರ್ 8ನೇ ಜನರೇಶನ್‌ಗಿಂತ ಹಳೆಯದಿರಬಾರದು. ಅದಕ್ಕಿಂತ ಹಳೆಯವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಬಹುಮಟ್ಟಿಗೆ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಇನ್ನು ವಾಪಸಾತಿ. ‘7 ದಿನ’ ಎಂದು ಬರೆದಿದ್ದರೆ ಹಣ ಹಿಂದಿರುಗಿಸುತ್ತಾರೋ, ಬದಲಿ ಮಾತ್ರ ಕೊಡುತ್ತಾರೋ ಓದಿ. ಓಪನ್ ಬಾಕ್ಸ್‌ನಲ್ಲಿ ಅದೇ ಪೀಸ್ ಇನ್ನೊಂದು ಸಿಗದೇ ಹೋಗಬಹುದು. ಆನ್‌ಲೈನ್ ಆದರೆ ನಿಮ್ಮೂರಿನ ಪಿನ್‌ಕೋಡ್‌ನಿಂದ ವಾಪಸ್ ಒಯ್ಯುತ್ತಾರೆಯೇ ಎಂದೂ ನೋಡಬೇಕು.

ಬಂದ ದಿನವೇ, ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿಕೊಂಡು, ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಟೈಪ್ ಮಾಡಿ:

```
powercfg /batteryreport
```

ತಯಾರಾಗುವ ಫೈಲ್‌ನಲ್ಲಿ DESIGN CAPACITY ಮತ್ತು FULL CHARGE CAPACITY ಎಂಬ ಎರಡು ಅಂಕಿಗಳಿರುತ್ತವೆ. ರಿಫರ್ಬಿಶ್ಡ್‌ ಅನ್ನು ಅಂಗಡಿಯಲ್ಲೇ ಹೀಗೆ ನೋಡಿದೆವು: ಮೊದಲನೆಯದು 50,000, ಎರಡನೆಯದು 31,000. ಅಂದರೆ ಬ್ಯಾಟರಿಯ ಜೀವ ಉಳಿದದ್ದು ಶೇ 62. ಮಳೆಗಾಲದಲ್ಲಿ ಮರ ಬಿದ್ದು ಅರ್ಧ ದಿನ ಕರೆಂಟ್ ಹೋಗುವ ನಮ್ಮ ಕಡೆ ಇದು ಸಣ್ಣ ಕೊರತೆಯಲ್ಲ. ಹೊಸ ಬ್ಯಾಟರಿಯ ಬೆಲೆ ಸೇರಿಸಿಯೇ ಆ 24,000ವನ್ನು ತೂಗಬೇಕು. ವಿಂಡೋಸ್ ಶುರುವಾಗುವ ಮುನ್ನವೇ ತೆರೆಯುವ ಸೆಟ್ಟಿಂಗ್ ಪುಟವಾದ ಬಯಾಸ್‌ಗೆ ಹೋದಾಗ ಪಾಸ್‌ವರ್ಡ್ ಕೇಳಿದರೆ ಅದು ಹಳೆಯ ಆಫೀಸಿನ ಬೀಗ. ಮಾರಿದವರಿಂದಲೇ ತೆಗೆಸಬೇಕು, ಆಗದಿದ್ದರೆ ಅಂದೇ ಹಿಂದಿರುಗಿಸಿ.

ನಾವು ಏಳು ತಿಂಗಳ ವಾರಂಟಿ ತೋರಿಸಿ ಓಪನ್ ಬಾಕ್ಸ್‌ನ ಬೆಲೆಯನ್ನು 38,000ಕ್ಕೆ ಇಳಿಸಿ ಕೊಂಡೆವು. ಹತ್ತು ಸಾವಿರ ಉಳಿಯಿತು, ಐದು ತಿಂಗಳ ರಕ್ಷಣೆ ಹೋಯಿತು. ಆ ಕಂಪನಿಯ ಸರ್ವಿಸ್ ಸೆಂಟರ್ ಅವಳ ಹಾಸ್ಟೆಲಿನಿಂದ ಆಟೊ ದೂರದಲ್ಲಿತ್ತು. ಅವಳು ಹೊಸನಗರದಲ್ಲೇ ಇದ್ದಿದ್ದರೆ, ಕೆಟ್ಟಾಗಲೆಲ್ಲ ಬಸ್ಸಿನಲ್ಲಿ ಹೊತ್ತು ತರಬೇಕಾಗುತ್ತಿತ್ತು. ಆಗ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯಿದ್ದ ಹೊಸದನ್ನೇ ಆರಿಸುತ್ತಿದ್ದೆ.