ಸೈಟ್‌ಮ್ಯಾಪ್‌ನಲ್ಲಿ ನಿಜವಾದ ದಿನಾಂಕ: ನನ್ನ ಅನುಭವ

ನಾನು ನೋಡಿಕೊಳ್ಳುವ ಜಾಲತಾಣದಲ್ಲಿ ಯಂತ್ರೋಪಕರಣಗಳ ಬಳಕೆ ಮತ್ತು ದುರಸ್ತಿಯನ್ನು ವಿವರಿಸುವ ಸುಮಾರು 9,000 ಪುಟಗಳಿವೆ. ಅವುಗಳಲ್ಲಿ ಹೆಚ್ಚಿನವು ಒಮ್ಮೆ ಬರೆದ ಮೇಲೆ ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ವಾರಕ್ಕೆ ಇಪ್ಪತ್ತು ಮೂವತ್ತು ಪುಟಗಳಲ್ಲಿ ಮಾತ್ರ ಏನಾದರೂ ತಿದ್ದುಪಡಿಯಾಗುತ್ತದೆ. ಒಮ್ಮೆ ಒಂದು ಪುಟದಲ್ಲಿ ಒತ್ತಡದ ಮಿತಿಯ ಅಂಕಿ ತಪ್ಪಾಗಿ ಅಚ್ಚಾಗಿತ್ತು. ಓದುಗರೊಬ್ಬರು ತಿಳಿಸಿದ ದಿನವೇ ಅದನ್ನು ಸರಿಪಡಿಸಿದೆವು, ಆದರೆ ಹುಡುಕಾಟದ ಫಲಿತಾಂಶದಲ್ಲಿ ಹಳೆಯ ಅಂಕಿಯೇ ಐದು ವಾರ ಕಾಣುತ್ತಿತ್ತು. ಅಪಾಯಕ್ಕೆ ಕಾರಣವಾಗಬಹುದಾದ ಅಂಕಿ ಅದಾಗಿದ್ದರಿಂದ ಕಾರಣವನ್ನು ಕೊನೆಯವರೆಗೂ ಹುಡುಕಬೇಕೆಂದು ನಿಶ್ಚಯಿಸಿದೆ.

ಮೊದಲು ಸರ್ವರ್ ಲಾಗ್ ತೆಗೆದು ನೋಡಿದೆ. ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಕ್ರಾಲರ್‌ನ ಹೆಸರು ಗೂಗಲ್‌ಬಾಟ್, ಆದರೆ ಆ ಹೆಸರು ಹೇಳಿಕೊಂಡು ಬರುವ ಎಲ್ಲ ಕೋರಿಕೆಗಳೂ ನಿಜವಾದವಲ್ಲ. ಆದ್ದರಿಂದ ಪ್ರತಿ ಐಪಿ ವಿಳಾಸದ ಹೆಸರನ್ನು ಡಿಎನ್‌ಎಸ್‌ನಲ್ಲಿ ಹಿಮ್ಮುಖವಾಗಿ ಹುಡುಕಿ, ಅದು googlebot.com ಅಥವಾ google.com ಎಂದು ಕೊನೆಗೊಂಡರೆ ಆ ಹೆಸರು ಮತ್ತೆ ಅದೇ ಐಪಿಗೆ ಮರಳುತ್ತದೆಯೇ ಎಂದು ಪರೀಕ್ಷಿಸಿ, ಉಳಿದವುಗಳನ್ನು ಬಿಟ್ಟೆ. ಆಗ ಕಂಡದ್ದು ಇಷ್ಟು: ಕ್ರಾಲರ್ ದಿನವೂ ಬರುತ್ತಿತ್ತು, ಆದರೆ ಎರಡು ವರ್ಷಗಳಿಂದ ಬದಲಾಗದ ಪುಟಗಳನ್ನು ಮತ್ತೆ ಮತ್ತೆ ಓದುತ್ತಿತ್ತು, ನಾವು ತಿದ್ದಿದ ಪುಟದತ್ತ ಸುಳಿದಿರಲಿಲ್ಲ.

ತಾಣದ ಪುಟಗಳ ಪಟ್ಟಿಯನ್ನು ಹುಡುಕಾಟ ಯಂತ್ರಗಳಿಗೆ ಕೊಡುವ ಸೈಟ್‌ಮ್ಯಾಪ್ ಕಡತವನ್ನು ತೆರೆದಾಗ ಕಾರಣ ತಿಳಿಯಿತು. ಎಲ್ಲ ಪುಟಗಳ ಕೊನೆಯ ಬದಲಾವಣೆಯ ದಿನಾಂಕ ಹೇಳುವ `<lastmod>` ಕೂಡ ಹಿಂದಿನ ರಾತ್ರಿಯದೇ ಆಗಿತ್ತು. ನಮ್ಮ ಸೈಟ್‌ಮ್ಯಾಪ್ ಆ ದಿನಾಂಕವನ್ನು ಡೇಟಾಬೇಸ್‌ನ `updated_at` ಎಂಬ ಕಾಲಂನಿಂದ ತೆಗೆದುಕೊಳ್ಳುತ್ತಿತ್ತು. ಪ್ರತಿ ರಾತ್ರಿ ಓದುಗರ ಸಂಖ್ಯೆಯನ್ನು ಲೆಕ್ಕ ಹಾಕುವ ಒಂದು ಕೆಲಸ ಅದೇ ಸಾಲುಗಳಲ್ಲಿ ಸಂಖ್ಯೆ ಬರೆಯುತ್ತಿದ್ದುದರಿಂದ ಆ ಕಾಲಂ ತಾನಾಗಿ ಹೊಸದಾಗುತ್ತಿತ್ತು. ಇಂಥ ದೋಷವನ್ನು ಪತ್ತೆಹಚ್ಚಲು ಡೇಟಾಬೇಸ್‌ಗೆ ಕೇಳುವ ಒಂದೇ ಪ್ರಶ್ನೆ ಸಾಕು:

```
SELECT DATE(updated_at), COUNT(*)
FROM articles
GROUP BY 1 ORDER BY 2 DESC LIMIT 5;
```

ಒಂದೇ ದಿನಕ್ಕೆ ಸಾವಿರಾರು ಪುಟಗಳು ಸೇರಿಕೊಂಡಿದ್ದರೆ ಆ ದಿನಾಂಕ ಬರಹದ ಬದಲಾವಣೆಯನ್ನು ಹೇಳುತ್ತಿಲ್ಲ ಎಂದೇ ಅರ್ಥ.

`<lastmod>` ನಿರಂತರವಾಗಿ ನಿಖರವಾಗಿದ್ದರೆ ಮತ್ತು ಅದನ್ನು ಪರಿಶೀಲಿಸಿ ಖಚಿತಪಡಿಸಿಕೊಳ್ಳಲು ಸಾಧ್ಯವಾದರೆ ಮಾತ್ರ ಬಳಸುವುದಾಗಿ ಗೂಗಲ್ ತನ್ನ ದಾಖಲೆಗಳಲ್ಲಿ ಹೇಳಿದೆ. `<changefreq>` ಮತ್ತು `<priority>` ಮೌಲ್ಯಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪುಟ ಬದಲಾಗಿದೆ ಎಂದು ನಾವು ಹೇಳಿದಾಗ ಕ್ರಾಲರ್ ಬಂದು ಹಿಂದಿನ ಪ್ರತಿಯೊಡನೆ ಹೋಲಿಸಿ ಯಾವ ವ್ಯತ್ಯಾಸವನ್ನೂ ಕಾಣದಿದ್ದರೆ, ಮುಂದಿನ ಬಾರಿ ನಮ್ಮ ಮಾತನ್ನು ನಂಬಲು ಅದಕ್ಕೆ ಕಾರಣವಿರುವುದಿಲ್ಲ. ನಮ್ಮ ತಾಣ ಹೀಗೆ ಪ್ರತಿ ರಾತ್ರಿ 9,000 ಬಾರಿ ಸುಳ್ಳು ಹೇಳುತ್ತಿತ್ತು. ಅದರ ನಡುವೆ ಇಪ್ಪತ್ತು ಪುಟಗಳ ನಿಜವಾದ ತಿದ್ದುಪಡಿಯನ್ನು ಬೇರ್ಪಡಿಸುವ ದಾರಿ ಕ್ರಾಲರ್‌ಗೆ ಇರಲಿಲ್ಲ.

ಪರಿಹಾರವಾಗಿ `content_modified_at` ಎಂಬ ಹೊಸ ಕಾಲಂ ಸೇರಿಸಿದೆ. ಪುಟವನ್ನು ಉಳಿಸಿದಾಗಲೆಲ್ಲ ಅದರ ಮುಖ್ಯ ಬರಹದಿಂದ ಒಂದು ಹ್ಯಾಶ್, ಅಂದರೆ ಬರಹ ಬದಲಾದರೆ ತಾನೂ ಬದಲಾಗುವ ಚಿಕ್ಕ ಗುರುತು, ತಯಾರಾಗುತ್ತದೆ. ಹಿಂದಿನ ಹ್ಯಾಶ್‌ಗಿಂತ ಅದು ಬೇರೆಯಾಗಿದ್ದರೆ ಮಾತ್ರ ದಿನಾಂಕ ಬದಲಾಗುತ್ತದೆ. ಹ್ಯಾಶ್‌ಗೆ ಏನನ್ನು ಸೇರಿಸಬೇಕು ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ. ಶೀರ್ಷಿಕೆ, ಬರಹ, ಕೋಷ್ಟಕಗಳು, ಬರಹದೊಳಗಿನ ಕೊಂಡಿಗಳು ಮತ್ತು ಚಿತ್ರಗಳನ್ನು ಸೇರಿಸಿದೆ. ತಲೆಪಟ್ಟಿ, ಅಡಿಪಟ್ಟಿ, ಕೃತಿಸ್ವಾಮ್ಯದ ವರ್ಷ, ಓದುಗರ ಸಂಖ್ಯೆ ಹಾಗೂ ಇತರ ಪುಟಗಳನ್ನು ಸೂಚಿಸುವ ಪಟ್ಟಿಯನ್ನು ಹೊರಗಿಟ್ಟೆ. ಖಾಲಿ ಜಾಗಗಳನ್ನು ಮೊದಲೇ ಒಂದೇ ಅಳತೆಗೆ ತರದಿದ್ದರೆ ಸಂಪಾದಕರು ಏನನ್ನೂ ಬದಲಿಸದೆ ಉಳಿಸಿದರೂ ಹ್ಯಾಶ್ ಬದಲಾಗುತ್ತದೆ. ಇದು ನನಗೆ ಎರಡನೆಯ ವಾರದಲ್ಲಿ ಗೊತ್ತಾಯಿತು. ಕಾಗುಣಿತದ ತಪ್ಪು ತಿದ್ದಿದಾಗ ದಿನಾಂಕ ಬದಲಾಗಬೇಕೇ ಎಂಬ ಚರ್ಚೆ ನಮ್ಮಲ್ಲಿ ಬಹಳ ನಡೆಯಿತು. ಒಂದಕ್ಷರ ತಿದ್ದಿದ್ದಕ್ಕೆ ಪುಟವನ್ನು ಹೊಸದೆಂದು ಓದುಗರಿಗೆ ತೋರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆದ್ದರಿಂದ ಉಳಿಸುವ ಗುಂಡಿಯ ಪಕ್ಕದಲ್ಲಿ ‘ಸಣ್ಣ ತಿದ್ದುಪಡಿ’ ಎಂಬ ಗುರುತುಪೆಟ್ಟಿಗೆ ಇಟ್ಟೆವು. ಅದನ್ನು ಗುರುತು ಮಾಡಿದರೆ ಹ್ಯಾಶ್ ಹೊಸದಾಗುತ್ತದೆ, ದಿನಾಂಕ ಹಳೆಯದೇ ಉಳಿಯುತ್ತದೆ.

ಹಳೆಯ ಪುಟಗಳಿಗೆ ಯಾವ ದಿನಾಂಕ ಕೊಡುವುದು ಎಂಬುದು ಇನ್ನೂ ಕಷ್ಟದ ಪ್ರಶ್ನೆಯಾಗಿತ್ತು. ಪರಿಷ್ಕರಣೆಗಳ ಇತಿಹಾಸ ಉಳಿದಿದ್ದ ಪುಟಗಳಲ್ಲಿ ಪ್ರತಿ ಪ್ರತಿಗೂ ಹ್ಯಾಶ್ ತೆಗೆದು, ಅದು ಕೊನೆಯದಾಗಿ ಬದಲಾದ ದಿನವನ್ನು ಬರೆದೆ. ಸುಮಾರು 600 ಪುಟಗಳಿಗೆ ಅಂಥ ಇತಿಹಾಸವೇ ಇರಲಿಲ್ಲ. ಅವುಗಳಿಗೆ ಅಂದಾಜಿನ ದಿನಾಂಕ ಹಾಕುವ ಬದಲು `<lastmod>` ಅನ್ನೇ ಬಿಟ್ಟೆ, ಏಕೆಂದರೆ ಸೈಟ್‌ಮ್ಯಾಪ್‌ನ ನಿಯಮಗಳ ಪ್ರಕಾರ ಅದು ಐಚ್ಛಿಕ.

ನಂತರ ಅದೇ ಕಾಲಂನಿಂದಲೇ ಸೈಟ್‌ಮ್ಯಾಪ್, ಪುಟದ ಒಳಗೆ ಹುಡುಕಾಟ ಯಂತ್ರಗಳಿಗಾಗಿ ಬರೆಯುವ `dateModified` ಹಾಗೂ ಓದುಗರಿಗೆ ಕಾಣುವ ‘ಪರಿಷ್ಕರಿಸಿದ ದಿನಾಂಕ’ ಮೂರೂ ಬರುವಂತೆ ಮಾಡಿದೆ. ಅದುವರೆಗೆ ಇವು ಮೂರು ಬೇರೆ ಬೇರೆ ಕಡೆಯಿಂದ ಬರುತ್ತಿದ್ದವು. `dateModified` ನಲ್ಲಿ ಸಮಯವಲಯದ ಗುರುತಿಲ್ಲದ ಸ್ಥಳೀಯ ಸಮಯವೂ ಸೈಟ್‌ಮ್ಯಾಪ್‌ನಲ್ಲಿ ಯುಟಿಸಿ ಸಮಯವೂ ಇದ್ದುದರಿಂದ ರಾತ್ರಿ ತಿದ್ದಿದ ಪುಟಗಳಿಗೆ ಎರಡು ಕಡೆ ಎರಡು ದಿನಾಂಕಗಳಿರುತ್ತಿದ್ದವು. ಈಗ ಎರಡರಲ್ಲೂ ಒಂದೇ ರೂಪವಿದೆ:

```
<lastmod>2024-03-09T18:40:00Z</lastmod>
"dateModified": "2024-03-09T18:40:00Z"
```

ಎಚ್‌ಟಿಟಿಪಿ ಉತ್ತರದ ವಿಷಯ ಮಾತ್ರ ಬೇರೆ. ಅದರ `Last-Modified` ಹೆಡರ್‌ಗೂ ಇದೇ ದಿನಾಂಕ ಕೊಡೋಣವೆಂದು ಮೊದಲು ಯೋಚಿಸಿದ್ದೆ. ಆದರೆ ಹಾಗೆ ಮಾಡಿದರೆ ಟೆಂಪ್ಲೇಟ್ ಬದಲಾದಾಗಲೂ ಸರ್ವರ್ ‘ಬದಲಾಗಿಲ್ಲ’ ಎಂಬ 304 ಉತ್ತರವನ್ನೇ ಕೊಟ್ಟುಬಿಡುತ್ತದೆ. ಆದ್ದರಿಂದ ಅದನ್ನು ಕೈಬಿಟ್ಟು, ಇಡೀ ಎಚ್‌ಟಿಎಂಎಲ್‌ನಿಂದ ತಯಾರಾಗುವ, ಪುಟದ ಆವೃತ್ತಿಯನ್ನು ಗುರುತಿಸುವ `ETag` ಮಾತ್ರ ಇಟ್ಟುಕೊಂಡೆ. ಪ್ರತಿ ಕೋರಿಕೆಗೂ ಬದಲಾಗುವ ಒಂದು ಭದ್ರತಾ ಟೋಕನ್ ಪುಟದ ಫಾರ್ಮ್‌ನಲ್ಲಿ ಅಡಗಿದ್ದುದರಿಂದ ಮೊದಲ ದಿನಗಳಲ್ಲಿ ಒಂದೂ 304 ಬರಲಿಲ್ಲ. ಅದನ್ನು ಪುಟದಿಂದ ಹೊರಗೆ ತೆಗೆದ ಮೇಲೆಯೇ ಬರತೊಡಗಿತು. 304 ಸರ್ವರ್‌ನ ಹೊರೆಯನ್ನು ಇಳಿಸುತ್ತದೆ, ಆದರೆ ತಿದ್ದಿದ ಪುಟದತ್ತ ಕ್ರಾಲರ್‌ನ ಗಮನ ಸೆಳೆಯುವುದು ಅದಲ್ಲ. ಆ ಕೆಲಸ `<lastmod>` ನದು.

ಮೊದಲ ಕೆಲವು ವಾರ ಲಾಗ್‌ನಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ನಾನು ಅಳೆಯುತ್ತಿದ್ದುದು ಒಂದನ್ನೇ: ಪುಟ ತಿದ್ದಿದ ಹೊತ್ತಿಗೂ ಆ ಬಳಿಕ ಗೂಗಲ್‌ಬಾಟ್ ಮೊದಲ ಬಾರಿ ಆ ಪುಟಕ್ಕೆ ಬಂದ ಹೊತ್ತಿಗೂ ನಡುವಿನ ಅಂತರ. ಮೊದಲು ಅದರ ಮಧ್ಯಾಂಕ 19 ದಿನಗಳಾಗಿತ್ತು. ಮೂರನೆಯ ತಿಂಗಳ ಹೊತ್ತಿಗೆ 3 ದಿನಗಳಿಗೆ ಇಳಿಯಿತು. ಇದು ಒಂದೇ ತಾಣದ ಅಳತೆ. ಹೆಚ್ಚು ಜನ ಓದುವ ಪುಟಗಳಿಗೆ ಕ್ರಾಲರ್ ಮೊದಲಿನಿಂದಲೂ ಬೇಗನೆ ಬರುತ್ತಿದ್ದುದರಿಂದ ಅವುಗಳಲ್ಲಿ ವ್ಯತ್ಯಾಸ ಕಡಿಮೆ. ಯಾರೂ ಹುಡುಕದ ಕೆಲವು ಪುಟಗಳು ನಿಜವಾದ ದಿನಾಂಕ ಹೊತ್ತುಕೊಂಡೂ ಇಂದಿಗೂ ಎರಡು ವಾರ ಕಾಯುತ್ತವೆ. ಒಂದು ಪುಟವನ್ನು ಎಷ್ಟು ಬಾರಿ ಓದಬೇಕೆಂಬ ನಿರ್ಧಾರದಲ್ಲಿ ಅದರ ಬೇಡಿಕೆಗೂ ಪಾತ್ರವಿದೆ. ದಿನಾಂಕ ಕೇವಲ ಒಂದು ಸೂಚನೆ.

ಡೇಟಾಬೇಸ್‌ಗೆ ಕೇಳಿದ ಆ ಮೇಲಿನ ಪ್ರಶ್ನೆಯನ್ನು ಈಗ `content_modified_at` ಮೇಲೆ ಪ್ರತಿ ಸೋಮವಾರ ಓಡಿಸುತ್ತೇನೆ. ಕೆಲವು ತಿಂಗಳ ಹಿಂದೆ ಅದು ಒಂದೇ ದಿನಕ್ಕೆ 4,100 ಪುಟಗಳನ್ನು ತೋರಿಸಿತು. ಚಿತ್ರಗಳ ಸರ್ವರ್ ಬದಲಾಗಿ ಎಲ್ಲ ಚಿತ್ರಗಳ ವಿಳಾಸವೂ ಬದಲಾಗಿತ್ತು, ಚಿತ್ರಗಳು ಮಾತ್ರ ಹಾಗೆಯೇ ಇದ್ದವು. ಅಂದೇ ಆ ಪುಟಗಳಿಗೆ ಹಳೆಯ ದಿನಾಂಕಗಳನ್ನು ಮರಳಿಸಿ, ಹ್ಯಾಶ್‌ಗೆ ಚಿತ್ರದ ಪೂರ್ಣ ವಿಳಾಸದ ಬದಲು ಕಡತದ ಹೆಸರನ್ನಷ್ಟೇ ಸೇರಿಸುವಂತೆ ಬದಲಿಸಿದೆ.